ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಗೆಣ್ಣು ಕೆಂಪಗೆ ಊದಿದೆ: ಎಡವಿದ್ದಕ್ಕಾ, ಹೊಸತೊಡಕಿನ ಊಟಕ್ಕಾ?

ಕೆರೆಏರಿ (ಮದ್ದೂರು)

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ವ್ಯವಸಾಯ. ಹೊಸತೊಡಕಿನ ದಿನ ನೆಂಟರೆಲ್ಲ ಬಂದಿದ್ದರು. ಮಟನ್ ಸಾರು, ಬೋಟಿ ಗೊಜ್ಜು, ಲಿವರ್ ಫ್ರೈ ಎಲ್ಲ ಇತ್ತು. ರಾತ್ರಿ ಭಾವಮೈದನ ಜೊತೆ ಬಿಯರ್ ಆಯಿತು, ಆಮೇಲೆ ಸ್ವಲ್ಪ ಬ್ರಾಂದಿ. ಮಾರನೇ ದಿನ ಪೂರ್ತಿ ಬಿಸಿಲಲ್ಲಿ ಕಬ್ಬಿಗೆ ನೀರು ಕಟ್ಟುತ್ತಿದ್ದೆ. ಸಂಜೆ ಮನೆಗೆ ಹೊರಡುವಾಗ ಪಂಪ್‌ಹೌಸಿನ ಹೊಸ್ತಿಲಿಗೆ ಬಲಗಾಲು ಎಡವಿದೆ. ಒಂದು ಗಳಿಗೆ ನೋವಾಯಿತು, ಬಿಟ್ಟಿತು. ನಡೆದುಕೊಂಡೇ ಮನೆಗೆ ಬಂದೆ, ಊಟ ಮಾಡಿ ಮಲಗಿದೆ.

ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ ಆಯಿತು. ಹೆಬ್ಬೆರಳ ಬುಡದ ಗೆಣ್ಣು ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು. ಹೊದಿಕೆ ತಾಗಿದರೂ ತಡೆಯೋಕಾಗಲಿಲ್ಲ. ಬೆಳಗ್ಗೆ ನೋಡಿದರೆ ಗೆಣ್ಣು ಕೆಂಪಗೆ, ಹೊಳೆಯುವ ಹಾಗೆ ಊದಿತ್ತು. ಚಪ್ಪಲಿ ಹಾಕೋಕೂ ಆಗಲಿಲ್ಲ. ಮನೆಯವಳು ಉಳುಕು ಅಂತ ಎಣ್ಣೆ ಹಚ್ಚಿ ನೀವಲು ಬಂದಳು, ಮುಟ್ಟಿಸಿಕೊಳ್ಳೋಕೇ ಆಗಲಿಲ್ಲ. ಎಕ್ಕದ ಎಲೆ ಕಾಯಿಸಿ ಕಟ್ಟಿದರು, ಇನ್ನೂ ಉರಿ ಜಾಸ್ತಿಯಾಯಿತು.

ಇಲ್ಲೇ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಯೂರಿಕ್ ಆಸಿಡ್ 6.4 ಬಂದಿದೆ, ಲ್ಯಾಬಿನವರ ಮಿತಿ 7.0. "ನಾರ್ಮಲ್ ಇದೆ, ಎಡವಿದ್ದೇ ಕಾರಣ" ಅಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಆದರೆ ನಮ್ಮ ದೊಡ್ಡಪ್ಪನಿಗೂ ಹೀಗೇ ಆಗುತ್ತಿತ್ತು, ಅವರದ್ದು ಗೌಟ್, ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು ಅಂದಿದ್ದರು. ಮನೆಯಲ್ಲಿ ಈಗಾಗಲೇ ತೊಗರಿಬೇಳೆ, ಟೊಮ್ಯಾಟೊ, ಪಾಲಕ್ ಎಲ್ಲ ಬಂದ್ ಮಾಡಿದ್ದಾರೆ. ಇದು ಏಟಾ, ಗೌಟಾ? ತಿಳಿದವರು ಹೇಳಿ.

ಬೆಳಗಿನ ಓಟ (ಬೆಂಗಳೂರು)

ಅಣ್ಣ, ನನಗೆ ಓಡುವಾಗ ಇದೇ ಜಾಗದಲ್ಲಿ ಆಗಿತ್ತು. ಹೆಬ್ಬೆರಳು ಮೇಲಕ್ಕೆ ಮಡಚಿ ಅಡಿಭಾಗದ ಸ್ನಾಯುರಜ್ಜು ಜಗ್ಗಿತ್ತು. ಟೇಪ್ ಸುತ್ತಿ, ಅಡಿ ಗಟ್ಟಿ ಇರುವ ಶೂ ಹಾಕಿ, ಎರಡು ಮೂರು ವಾರ ಓಟ ಬಿಟ್ಟೆ, ಸರಿಹೋಯಿತು. ಎಡವಿದ್ದು ನಿಜ, ಯೂರಿಕ್ ಆಸಿಡ್ ನಾರ್ಮಲ್, ಮೂಳೆಯೂ ಸರಿ. ಇನ್ನೇನು ಅನುಮಾನ? ಮೊದಲ ಎರಡು ದಿನ ಐಸ್ ಇಡಿ, ಕಾಲು ಎತ್ತರದಲ್ಲಿಡಿ. ನೀವು ಯಾವ ಶೂ ಹಾಕಿ ಓಡುತ್ತೀರಿ?

ಕೆರೆಏರಿ

ಓಡುವುದಿಲ್ಲ ಅಣ್ಣ, ಗದ್ದೆ ಕೆಲಸ. ಹವಾಯಿ ಚಪ್ಪಲಿ.

ಹುಬ್ಬಳ್ಳಿ ಅಕ್ಕ

ತಮ್ಮಾ, ನಮ್ಮ ಅಪ್ಪಗ ಹೋದ ವರ್ಷ ಹಿಂಗ ಕೆಂಪಗಾಗಿ ಬಾತಿತ್ತು. ಅವರಿಗೆ ಮದಲಿಂದ ಸಕ್ಕರಿ ಕಾಯಿಲೆ ಐತಿ. ಮನ್ಯಾಗ ಎಲ್ಲಾರೂ ಗೌಟ್ ಅಂದ್ರು, ಔಷಧಿ ಅಂಗಡ್ಯಾಗ ಕೇಳಿದ್ರ ಒಂದು ಸ್ಟೀರಾಯ್ಡ್ ಗುಳಿಗಿ ಕೊಟ್ರು. ಎರಡು ದಿನ ನೋವು ಕಡಿಮಿ ಅನ್ನಿಸ್ತು. ಮೂರನೇ ದಿನ ಚಳಿ ಜ್ವರ ಬಂದು, ಕೆಂಪು ಪಾದದ ಮ್ಯಾಲೆಲ್ಲ ಹತ್ತಿ ಹೋತು. ದವಾಖಾನ್ಯಾಗ ನೋಡಿದ್ರ ಬೆರಳಿನ ಸಂದಿಯೊಳಗ ಸಣ್ಣ ಗಾಯ ಇತ್ತು, ಅಲ್ಲಿಂದ ಕೀವು ಒಳಗ ಇಳದಿತ್ತು. ಅಡ್ಮಿಟ್ ಮಾಡಿ ಇಂಜೆಕ್ಷನ್ ಕೊಟ್ಟು ಉಳಿಸಿದ್ರು.

ಹಂಗಾಗಿ ಕೇಳಾಕತ್ತೀನಿ, ನಿನಗ ಸಕ್ಕರಿ ಐತೇನು? ಬೆರಳಿನ ಸಂದ್ಯಾಗ, ಉಗುರಿನ ಬದಿಗೆ ಬಿರುಕು, ಗಾಯ ಏನರ ಅದಾವೇನು ನೋಡು. ಏಟೋ ಗೌಟೋ ಅಂತ ಎರಡನ್ನ ನೋಡ್ಕೋತ ಕುಂತ್ರ ಮೂರನೇದು ಕೈ ಬಿಟ್ಟು ಹೋಗತೈತಿ.

ಕೀಲು ಡಾಕ್ಟರ್ (ಮೈಸೂರು)

ಹುಬ್ಬಳ್ಳಿ ಅಕ್ಕ ಕೇಳಿದ್ದೇ ಮೊದಲು ಕೇಳಬೇಕಾದ ಪ್ರಶ್ನೆ. ಕೀಲಿನೊಳಗೆ ಸೋಂಕು ಆಗಿದ್ದರೆ ಒಂದು ದಿನ ತಡ ಮಾಡಿದರೂ ಕೀಲು ಹಾಳಾಗುತ್ತದೆ, ಅದು ರಕ್ತಕ್ಕೂ ಹರಡಬಹುದು. ಗೌಟ್ ಎಷ್ಟೇ ನೋವು ಕೊಟ್ಟರೂ ಆ ಥರದ ತುರ್ತಲ್ಲ. ಕೆರೆಏರಿಯವರೇ, ಇವಿಷ್ಟಕ್ಕೆ ಉತ್ತರ ಕೊಡಿ. ಜ್ವರ, ಚಳಿ ಇದೆಯೇ? ಸಕ್ಕರೆ ಕಾಯಿಲೆ ಇದೆಯೇ? ಆ ಕಾಲಲ್ಲಿ ಗಾಯ ಇದೆಯೇ? ಕೆಂಪು ಗೆಣ್ಣಿನ ಸುತ್ತ ಮಾತ್ರ ಇದೆಯೋ, ಗೆರೆಯಂತೆ ಮೇಲಕ್ಕೆ ಹೋಗುತ್ತಿದೆಯೋ? ದಿನಾ ನುಂಗುವ ಮಾತ್ರೆ ಯಾವುದು? ಕಿಡ್ನಿ ಪರೀಕ್ಷೆ, ಅಂದರೆ ಕ್ರಿಯಾಟಿನಿನ್, ಮಾಡಿಸಿದ್ದೀರಾ?

ಇನ್ನೊಂದು. ಎಡವಿದಾಗ ಏಟು ಬಿದ್ದದ್ದು ಬೆರಳ ತುದಿಗೋ, ಈಗ ಊದಿರುವ ಗೆಣ್ಣಿಗೋ?

ಕೆರೆಏರಿ

ಜ್ವರ ಇಲ್ಲ ಮೇಡಂ. ಇವತ್ತು ಬೆಳಗ್ಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಸಕ್ಕರೆ ಹೋದ ತಿಂಗಳು ನೋಡಿಸಿದ್ದೆ, ಸರಿ ಇದೆ. ಟಾರ್ಚ್ ಹಾಕಿ ಬೆರಳ ಸಂದಿ ನೋಡಿದೆ, ಗಾಯ ಇಲ್ಲ. ಕೆಂಪು ಗೆಣ್ಣಿನ ಸುತ್ತ ಮಾತ್ರ. ಎಡವಿದ್ದು ಬೆರಳ ತುದಿ. ಉಗುರಿನ ಹತ್ತಿರ ಸ್ವಲ್ಪ ಕಪ್ಪಾಗಿದೆ, ಆದರೆ ಅಲ್ಲಿ ಮುಟ್ಟಿದರೆ ಅಷ್ಟು ನೋವಿಲ್ಲ. ನೋವೆಲ್ಲ ಬುಡದಲ್ಲೇ.

ಕ್ರಿಯಾಟಿನಿನ್ 1.0 ಇದೆ. ಬಿ.ಪಿ. ಮಾತ್ರೆ ಒಂದಿದೆ, ಟೆಲ್ಮಿಸಾರ್ಟನ್ ಅಂತ. ಚಳಿಗಾಲದಲ್ಲಿ ಬಿ.ಪಿ. ಇಳಿಯಲಿಲ್ಲ ಅಂತ ಬೇರೆ ಸ್ಟ್ರಿಪ್ ಕೊಟ್ಟರು, ಅದರ ಹೆಸರಿನ ಕೊನೆಗೆ ಎಚ್ ಅಂತ ಇದೆ.

ಔಷಧಿ ಅಂಗಡಿ (ತುಮಕೂರು)

ಆ ಎಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಸಾಮಾನ್ಯವಾಗಿ 12.5 ಮಿಲಿಗ್ರಾಂ ಇರುತ್ತದೆ. ಮೂತ್ರ ಹೆಚ್ಚಿಸಿ ಬಿ.ಪಿ. ಇಳಿಸುವ ಮಾತ್ರೆ. ನೀರು, ಉಪ್ಪು ಹೊರಗೆ ಹೋಗುತ್ತದೆ, ಯೂರಿಕ್ ಆಸಿಡ್ ಮಾತ್ರ ಒಳಗೇ ಉಳಿಯುತ್ತದೆ. ಕ್ಲೋರ್‌ಥ್ಯಾಲಿಡೋನ್ ಸೇರಿದ ಮಾತ್ರೆಗಳದ್ದೂ ಇದೇ ಕಥೆ. ನಮ್ಮ ಕೌಂಟರ್‌ಗೆ ಹೆಬ್ಬೆರಳು ಊದಿಕೊಂಡು ಬರುವವರನ್ನು ನಾನು ಮೊದಲು ಕೇಳುವುದೇ "ಬಿ.ಪಿ. ಮಾತ್ರೆ ಸ್ಟ್ರಿಪ್ ತೋರಿಸಿ" ಅಂತ. ಊಟದ ಪಟ್ಟಿ ಎಲ್ಲರಿಗೂ ಬಾಯಿಪಾಠ ಇರುತ್ತದೆ, ಮಾತ್ರೆಯ ಕಡೆ ಯಾರೂ ನೋಡುವುದಿಲ್ಲ.

ಹಾಗಂತ ನೀವೇ ಅದನ್ನು ನಿಲ್ಲಿಸಬೇಡಿ. ಬಿ.ಪಿ. ಏರಿದರೆ ಅದು ಬೇರೆ ಕಷ್ಟ.

ಕೀಲು ಡಾಕ್ಟರ್ (ಮೈಸೂರು)

ಈಗ ಚಿತ್ರ ಸ್ಪಷ್ಟ ಆಯಿತು. ನೇರವಾಗಿ ನೋಡದೆ ನಾನು ಖಾತ್ರಿ ಕೊಡಲಾರೆ, ಆದರೆ ನೀವು ಹೇಳಿದ್ದೆಲ್ಲ ಗೌಟ್ ಕಡೆಗೇ ಬೆರಳು ಮಾಡುತ್ತಿದೆ. ಯಾಕೆ ಅಂತ ಹೇಳುತ್ತೇನೆ.

ಏಟಿನ ನೋವು ಏಟು ಬಿದ್ದ ಗಳಿಗೆಯಲ್ಲೇ ಜೋರಾಗಿರುತ್ತದೆ. ಆಮೇಲೆ ಊತ ಬರುತ್ತದೆ, ಮಾರನೇ ದಿನ ನೀಲಿಗಟ್ಟುತ್ತದೆ. ನಿಮ್ಮದು ಹಾಗಲ್ಲ. ಎಡವಿದ ಮೇಲೆ ನಡೆದುಕೊಂಡು ಮನೆಗೆ ಬಂದಿದ್ದೀರಿ, ಊಟ ಮಾಡಿದ್ದೀರಿ, ನಿದ್ದೆ ಮಾಡಿದ್ದೀರಿ. ಮೂಳೆ ಬಿರುಕು ಬಿಟ್ಟಿದ್ದರೆ ಅಥವಾ ಸ್ನಾಯುರಜ್ಜು ಹರಿದಿದ್ದರೆ ಅಷ್ಟು ಸುಲಭವಾಗಿ ನಡೆಯಲು ಆಗುತ್ತಿರಲಿಲ್ಲ. ಏನೂ ಇಲ್ಲದ ಕೀಲು ಕೆಲವೇ ಗಂಟೆಗಳಲ್ಲಿ, ಅದೂ ನಿದ್ದೆಯಲ್ಲಿ, ಈ ಮಟ್ಟಕ್ಕೆ ಏರಿ, ಒಂದು ದಿನದೊಳಗೆ ನೋವು ತುತ್ತತುದಿ ಮುಟ್ಟುವುದು ಗೌಟಿನ ನಡೆ. ಕಪ್ಪಾಗಿರುವುದು ತುದಿಯಲ್ಲಿ, ಉರಿಯುತ್ತಿರುವುದು ಬುಡದಲ್ಲಿ. ಏಟು ಒಂದು ಕಡೆ, ರೋಗ ಇನ್ನೊಂದು ಕಡೆ.

ಆದರೂ ಎಡವಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ 6.8ರ ಆಸುಪಾಸು ದಾಟಿದ ಮೇಲೆ ಅದು ಕರಗಿ ಉಳಿಯಲಾರದೆ ಕೀಲಿನಲ್ಲಿ ಸೂಜಿಯಂಥ ಹರಳಾಗಿ ಕೂರಲು ಶುರುವಾಗುತ್ತದೆ. ಹೃದಯದಿಂದ ದೂರ ಇರುವ ಹೆಬ್ಬೆರಳು ದೇಹದಲ್ಲಿ ತಣ್ಣಗಿನ ಜಾಗ, ಅಲ್ಲಿ ಹರಳು ಕಟ್ಟುವುದು ಸುಲಭ. ವರ್ಷಗಟ್ಟಲೆ ಆ ಹರಳು ಸುಮ್ಮನೆ ಇರಬಹುದು. ಸಣ್ಣ ಏಟಿಗೆ, ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದದ್ದಕ್ಕೆ, ಕುಡಿದದ್ದಕ್ಕೆ ಅದು ಕದಲಿದರೆ ದೇಹದ ರಕ್ಷಣಾ ಕಣಗಳು ಅದರ ಮೇಲೆ ಮುಗಿಬೀಳುತ್ತವೆ. ನೀವು ನೋಡುತ್ತಿರುವ ಕೆಂಪು, ಉರಿ ಎಲ್ಲ ಆ ಕಾಳಗದ್ದು. ನಿಮ್ಮ ವಿಷಯದಲ್ಲಿ ಮಾತ್ರೆ ತಿಂಗಳುಗಟ್ಟಲೆ ತಳಪಾಯ ಹಾಕಿದೆ, ಹೊಸತೊಡಕಿನ ಬೋಟಿ ಲಿವರ್, ಬಿಯರ್, ಬಿಸಿಲು, ಹೊಸ್ತಿಲು ಎಲ್ಲ ಎರಡು ದಿನದಲ್ಲಿ ಒಟ್ಟಿಗೆ ಬಂದಿವೆ. ಅವುಗಳಲ್ಲಿ ಯಾವುದು ಕಿಡಿ ಹೊತ್ತಿಸಿತು ಅಂತ ಯಾರೂ ಬಿಡಿಸಿ ಹೇಳಲಾರರು.

ಬೆಳಗಿನ ಓಟ

ಮೇಡಂ, ಯೂರಿಕ್ ಆಸಿಡ್ 6.4 ಅಂದರೆ ನೀವೇ ಹೇಳಿದ 6.8ಕ್ಕಿಂತ ಕಡಿಮೆ. ಹಾಗಿದ್ದ ಮೇಲೆ ಹರಳು ಎಲ್ಲಿಂದ ಬಂತು? ಮಾಡಿಸಿದ ರಿಪೋರ್ಟ್ ಸುಳ್ಳೇ?

ಕೀಲು ಡಾಕ್ಟರ್ (ಮೈಸೂರು)

ರಿಪೋರ್ಟ್ ಸುಳ್ಳಲ್ಲ, ಮಾಡಿಸಿದ ದಿನ ಸರಿಯಿಲ್ಲ. ಗೌಟ್ ಜೋರಾಗಿರುವಾಗ ಕಿಡ್ನಿಯಿಂದ ಯೂರಿಕ್ ಆಸಿಡ್ ಹೆಚ್ಚು ಹೊರಗೆ ಹೋಗಿ ರಕ್ತದಲ್ಲಿ ಮಟ್ಟ ತಾತ್ಕಾಲಿಕವಾಗಿ ಇಳಿಯುವುದುಂಟು. ನೋವಿನ ದಿನ ನಾರ್ಮಲ್ ಬಂದು, ನೋವು ಇಳಿದ ಮೇಲೆ ಎಂಟು ಒಂಬತ್ತು ಬಂದವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ನೋವು ಪೂರ್ತಿ ಇಳಿದು ಎರಡು ವಾರವಾದರೂ ಆದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಅದೇ ರೀತಿ, ಯೂರಿಕ್ ಆಸಿಡ್ ಹೆಚ್ಚಿದ್ದ ಮಾತ್ರಕ್ಕೆ ಊದಿದ ಬೆರಳೆಲ್ಲ ಗೌಟ್ ಆಗುವುದಿಲ್ಲ. ಹೆಚ್ಚಿದ್ದೂ ಜನ್ಮದಲ್ಲಿ ಒಮ್ಮೆಯೂ ನೋವು ಬಾರದವರೇ ಜಾಸ್ತಿ.

ಎಕ್ಸ್‌ರೇ ಕೂಡ ಮೊದಲ ಸಲದ ಗೌಟಿನಲ್ಲಿ ಏನೂ ತೋರಿಸುವುದಿಲ್ಲ. ಮೂಳೆ ಮುರಿದಿಲ್ಲ ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಅಲುಗಾಡದ ಸಾಕ್ಷಿ ಬೇಕಿದ್ದರೆ ಗೆಣ್ಣಿಗೆ ಸೂಜಿ ಹಾಕಿ ಒಂದೆರಡು ಹನಿ ನೀರು ತೆಗೆದು, ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹರಳು ನೋಡಬೇಕು. ಅದೇ ನೀರಲ್ಲಿ ಕೀವಿನ ಪರೀಕ್ಷೆಯೂ ಆಗುತ್ತದೆ. ಜ್ವರ ಇದ್ದರೆ, ಸಕ್ಕರೆ ಇದ್ದರೆ ನಾನು ಸೂಜಿ ಹಾಕದೆ ಬಿಡುವುದಿಲ್ಲ. ಯಾಕೆಂದರೆ ಗೌಟ್ ಇದ್ದ ಕೀಲಿನಲ್ಲೇ ಸೋಂಕೂ ಇರಬಹುದು.

ಬೆಳಗಿನ ಓಟ

ಇದು ನನಗೆ ಗೊತ್ತಿರಲಿಲ್ಲ. ಧನ್ಯವಾದ. ಐಸ್ ಇಡಿ ಅಂದದ್ದಾದರೂ ಸರಿ ತಾನೆ?

ಕೀಲು ಡಾಕ್ಟರ್ (ಮೈಸೂರು)

ಐಸ್ ಸರಿ, ಗೌಟಿಗೂ ಒಳ್ಳೆಯದು. ಬಟ್ಟೆಯಲ್ಲಿ ಸುತ್ತಿ ಇಡಬೇಕು. ಶಾಖ, ನೀವುವುದು, ಬಿಸಿ ಎಲೆ ಯಾವುದೂ ಈಗ ಬೇಡ.

ಕುಡ್ಲದ ಬಂಗುಡೆ

ನನಗೆ ಗೌಟ್ ಬಂದು ಬಹಳ ವರ್ಷ ಆಯ್ತು. ಕೆರೆಏರಿ ಅಣ್ಣ, ನೀವು ಬರೆದದ್ದು ಓದುವಾಗ ನನ್ನ ಕಾಲೇ ಒಮ್ಮೆ ನೋವಾಯ್ತು. ಪ್ಯಾರಾಸಿಟಮಾಲಿಗೆಲ್ಲ ಇದು ಬಗ್ಗುವುದಿಲ್ಲ ಮಾರಾಯ್ರೆ. ಕೊಲ್ಚಿಸಿನ್ ಬೇಕು. ನಮ್ಮ ಮಾವನವರಿಗೆ ಹಿಂದೆ ಗಂಟೆಗೊಂದು ಮಾತ್ರೆ, ಭೇದಿ ಆಗುವವರೆಗೂ ಅಂತ ಹೇಳ್ತಿದ್ರು. ನೋವು ಹೋಗುವುದರ ಒಳಗೆ ಅವರ ಶಕ್ತಿಯೇ ಹೋಗ್ತಿತ್ತು.

ಒಂದು ಮಾತು. ಬಿಯರ್ ಒಂದು ಬಿಟ್ಟರೆ ಸಾಕು, ವಿಸ್ಕಿಗೆ ಏನೂ ತೊಂದರೆ ಇಲ್ಲ. ದೇಹದೊಳಗೆ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಬಿಯರಲ್ಲಿ ಉಂಟು, ವಿಸ್ಕಿಯಲ್ಲಿ ಇಲ್ಲ. ಮೀನು ಬಿಡ್ಲಿಕ್ಕೆ ನನ್ನಿಂದ ಆಗುವುದೇ ಇಲ್ಲ.

ಔಷಧಿ ಅಂಗಡಿ (ತುಮಕೂರು)

ಗಂಟೆಗೊಂದು ಅನ್ನುವ ಕಾಲ ಹೋಯಿತು. 2010ರಲ್ಲಿ ಬಂದ ಒಂದು ಪ್ರಯೋಗದಲ್ಲಿ ಕಡಿಮೆ ಡೋಸೂ ಹೆಚ್ಚು ಡೋಸಿನಷ್ಟೇ ಕೆಲಸ ಮಾಡಿತು, ಭೇದಿ ಮಾತ್ರ ಬಹಳ ಕಡಿಮೆ. ಈಗ ವೈದ್ಯರು ಬರೆಯುವುದು 0.5 ಮಿಲಿಗ್ರಾಂ ಮಾತ್ರೆ ಎರಡು, ಒಂದು ಗಂಟೆ ಬಿಟ್ಟು ಇನ್ನೊಂದು. ಮಾರನೇ ದಿನದಿಂದ ಒಂದೋ ಎರಡೋ. ನೋವು ಶುರುವಾದ ಮೊದಲ ಅರ್ಧ ದಿನದಲ್ಲೇ ತೆಗೆದುಕೊಂಡರೆ ಪರಿಣಾಮ ಚೆನ್ನಾಗಿರುತ್ತದೆ. ಕಿಡ್ನಿ ದುರ್ಬಲ ಇರುವವರಿಗೆ ಡೋಸ್ ಇಳಿಸಬೇಕು, ಕ್ಲಾರಿಥ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ನುಂಗುತ್ತಿರುವವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಹಾಗಾಗಿ ಚೀಟಿ ಇಲ್ಲದೆ ಯಾರೂ ಕೇಳಬೇಡಿ, ನಾನೂ ಕೊಡುವುದಿಲ್ಲ.

ಕೀಲು ಡಾಕ್ಟರ್ (ಮೈಸೂರು)

ಅವರು ಹೇಳಿದ್ದು ಸರಿ. ಕೊಲ್ಚಿಸಿನ್ ಆಗದವರಿಗೆ ನೆಪ್ರೊಕ್ಸೆನ್, ಎಟೊರಿಕಾಕ್ಸಿಬ್ ಥರದ ಊತದ ಮಾತ್ರೆ. ಕಿಡ್ನಿ, ಹೊಟ್ಟೆಹುಣ್ಣು, ಹೃದಯದ ತೊಂದರೆ ಇದ್ದವರಿಗೆ ಅದೂ ಬೇಡ, ಐದಾರು ದಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತೇವೆ. ಆದರೆ ಸೋಂಕು ಇಲ್ಲ ಅಂತ ಖಚಿತ ಆದ ಮೇಲೆಯೇ. ಹುಬ್ಬಳ್ಳಿ ಅಕ್ಕನ ತಂದೆಗೆ ಆದದ್ದು ಅದೇ. ಸ್ಟೀರಾಯ್ಡ್ ನೋವನ್ನು ಮುಚ್ಚಿತು, ಕೀವನ್ನು ಬೆಳೆಸಿತು. ಕೆರೆಏರಿಯವರಿಗೆ ಬಿ.ಪಿ. ಇದೆ, ಊತದ ಮಾತ್ರೆ ಬಿ.ಪಿ. ಏರಿಸುತ್ತದೆ. ಅವರಿಗೆ ಕೊಲ್ಚಿಸಿನ್ ಸರಿ ಅನ್ನಿಸುತ್ತದೆ, ನಿರ್ಧಾರ ನೋಡುವ ವೈದ್ಯರದ್ದು.

ಕುಡ್ಲದವರೇ, ಬಿಯರಿನಲ್ಲಿ ಪ್ಯೂರಿನ್ ಇದೆ ಅನ್ನುವುದು ನಿಜ, ಅದು ಹೆಚ್ಚು ಕೆಟ್ಟದ್ದು ಅನ್ನುವುದೂ ನಿಜ. ಆದರೆ ವಿಸ್ಕಿಯ ಆಲ್ಕೋಹಾಲ್ ಕೂಡ ಯಕೃತ್ತಿನಲ್ಲಿ ಯೂರಿಕ್ ಆಸಿಡ್ ತಯಾರಿಯನ್ನು ಹೆಚ್ಚಿಸುತ್ತದೆ, ಕಿಡ್ನಿಯಿಂದ ಹೊರಹೋಗುವುದನ್ನು ತಡೆಯುತ್ತದೆ. ಅದನ್ನು ಸುರಕ್ಷಿತ ಅನ್ನಲು ಬರುವುದಿಲ್ಲ.

ನಿವೃತ್ತ ಮೇಷ್ಟ್ರು (ಹಾಸನ)

ಊಟದ ವಿಷಯ ಯಾರೂ ಸರಿಯಾಗಿ ಹೇಳುತ್ತಿಲ್ಲ. ನನಗೆ ಲ್ಯಾಬಿನವರು ಕೊಟ್ಟ ಮುದ್ರಿತ ಪಟ್ಟಿಯೇ ಇದೆ: ಬೇಳೆಕಾಳು, ಪಾಲಕ್, ಹೂಕೋಸು, ಅಣಬೆ, ಟೊಮ್ಯಾಟೊ, ಬದನೆಕಾಯಿ ಬಿಡಬೇಕು. ನಾನು ಹುಟ್ಟಾ ಸಸ್ಯಾಹಾರಿ, ಬಿಯರ್ ಮುಟ್ಟಿದವನಲ್ಲ, ಆದರೂ ನನಗೆ ಗೌಟ್ ಬಂದಿದೆ. ಬೇಳೆಯಿಂದಲ್ಲದೆ ಇನ್ನೆಲ್ಲಿಂದ ಬಂತು? ಬೇಳೆ ಬಿಟ್ಟು ತಿಳಿಸಾರು, ಮಜ್ಜಿಗೆಹುಳಿಯಲ್ಲಿ ಊಟ ಮಾಡುತ್ತಿದ್ದೇನೆ. ಟೊಮ್ಯಾಟೊ ಗೊಜ್ಜು ತಿಂದ ಮಾರನೇ ದಿನ ಕಾಲು ನೋಯುವುದು ನನ್ನ ಅನುಭವ.

ಕೀಲು ಡಾಕ್ಟರ್ (ಮೈಸೂರು)

ಮೇಷ್ಟ್ರೇ, ಆ ಪಟ್ಟಿ ಹಳೆಯದು. ಬೇಳೆ, ಪಾಲಕ್, ಅಣಬೆಯಲ್ಲಿ ಪ್ಯೂರಿನ್ ಇದೆ ಅನ್ನುವ ಲೆಕ್ಕದ ಮೇಲೆ ಮಾಡಿದ್ದು. ಇದೆ ಅನ್ನುವುದು ನಿಜ. ಅದರಿಂದ ಗೌಟ್ ಬರುತ್ತದೆಯೇ ಅಂತ ಜನರನ್ನು ಹಿಂಬಾಲಿಸಿ ನೋಡಿದಾಗ ಉತ್ತರ ಬೇರೆ ಬಂತು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸುಮಾರು 47 ಸಾವಿರ ಗಂಡಸರನ್ನು 12 ವರ್ಷ ಗಮನಿಸಿದ್ದರು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು ಕಂಡಿತು. ಪ್ಯೂರಿನ್ ಇರುವ ತರಕಾರಿ, ಕಾಳು ತಿಂದವರಲ್ಲಿ ಹೆಚ್ಚಲಿಲ್ಲ. ಹಾಲು, ಮೊಸರಿನ ಪದಾರ್ಥ ಹೆಚ್ಚು ಬಳಸಿದವರಲ್ಲಿ ಕಡಿಮೆಯೇ ಇತ್ತು. ನಮ್ಮ ಸಸ್ಯಾಹಾರಿಗಳಿಗೆ ಮಾಂಸಖಂಡಕ್ಕೆ ಬೇಕಾದದ್ದು ಸಿಗುವುದೇ ಬೇಳೆಯಿಂದ. ವಯಸ್ಸಾದವರು ಅದನ್ನೂ ಬಿಟ್ಟು ಸೊರಗುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ತೊಗರಿಬೇಳೆ ಹುಳಿ ಧೈರ್ಯವಾಗಿ ಊಟ ಮಾಡಿ.

ಗೌಟ್ ಎಲ್ಲಿಂದ ಬಂತು ಅಂದರೆ, ರಕ್ತದಲ್ಲಿರುವ ಯೂರಿಕ್ ಆಸಿಡ್ಡಿನಲ್ಲಿ ಸುಮಾರು ಮೂರನೇ ಎರಡು ಪಾಲು ನಮ್ಮ ದೇಹವೇ ತಯಾರಿಸಿದ್ದು. ಊಟದಿಂದ ಬರುವುದು ಮಿಕ್ಕದ್ದು. ಹೆಚ್ಚಿನವರಲ್ಲಿ ತೊಂದರೆ ಇರುವುದು ಹೊರಹಾಕುವ ಕಿಡ್ನಿಯ ವಂಶಗುಣದಲ್ಲಿ. ಎಷ್ಟೇ ಪಥ್ಯ ಮಾಡಿದರೂ ಮಟ್ಟ ಸಾಮಾನ್ಯವಾಗಿ ಒಂದು ಅಂಕಿಯಷ್ಟು ಇಳಿಯುತ್ತದೆ, ಅಷ್ಟೇ. ನಿಮಗೆ ಬಿ.ಪಿ. ಮಾತ್ರೆ ಇದೆಯೇ? ಸಿಹಿ ಪಾನೀಯ ಕುಡಿಯುತ್ತೀರಾ?

ಟೊಮ್ಯಾಟೊ ಬಗ್ಗೆ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ನ್ಯೂಜಿಲೆಂಡಿನ ಗೌಟ್ ರೋಗಿಗಳೂ ಇದೇ ಹೇಳಿದ್ದಾರೆ, ಟೊಮ್ಯಾಟೊ ತಿನ್ನುವವರಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿರುವುದೂ ಅಧ್ಯಯನದಲ್ಲಿ ಕಂಡಿದೆ. ಆದರೆ ಅದೇ ಕಾರಣ ಅಂತ ಸಾಬೀತಾಗಿಲ್ಲ. ನಿಮಗೆ ಪ್ರತಿಸಲ ಹಾಗಾಗುತ್ತಿದ್ದರೆ ನೀವು ಬಿಡಿ, ಎಲ್ಲರಿಗೂ ಬಿಡಿಸಬೇಡಿ.

ನಿವೃತ್ತ ಮೇಷ್ಟ್ರು (ಹಾಸನ)

ಆಸ್ಪಿರಿನ್ 75 ಇದೆ, ಹೃದಯಕ್ಕೆ. ಸಕ್ಕರೆ ಹಾಕಿದ ಹಣ್ಣಿನ ಜ್ಯೂಸ್ ದಿನಾ ಮಧ್ಯಾಹ್ನ ಕುಡಿಯುತ್ತೇನೆ, ಆರೋಗ್ಯಕ್ಕೆ ಒಳ್ಳೆಯದು ಅಂತ. ಬೇಳೆಯ ವಿಷಯ ನೀವು ಹೇಳಿದ್ದು ಯೋಚಿಸುತ್ತೇನೆ. ಟೊಮ್ಯಾಟೊ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕೀಲು ಡಾಕ್ಟರ್ (ಮೈಸೂರು)

ಆಸ್ಪಿರಿನ್ ಸಣ್ಣ ಡೋಸ್ ಕೂಡ ಯೂರಿಕ್ ಆಸಿಡ್ಡನ್ನು ಸ್ವಲ್ಪ ಹಿಡಿದಿಡುತ್ತದೆ. ಹೃದಯಕ್ಕೆ ಬೇಕಾಗಿದ್ದರೆ ಅದನ್ನು ಬಿಡಬಾರದು. ಆದರೆ ಜ್ಯೂಸ್ ನಿಲ್ಲಿಸಿ ಮೇಷ್ಟ್ರೇ. ಅದರ ಸಕ್ಕರೆಯಲ್ಲಿರುವ ಫ್ರಕ್ಟೋಸ್ ಯಕೃತ್ತಿನಲ್ಲಿ ನೇರವಾಗಿ ಯೂರಿಕ್ ಆಸಿಡ್ ಹೆಚ್ಚಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ ನೋಡಿ. ಅದರ ಜಾಗದಲ್ಲಿ ನೀರುಮಜ್ಜಿಗೆ ಕುಡಿಯಿರಿ.

ಶಿರಸಿ ಅಡಿಕೆ ತೋಟ

ಒಂದು ಪ್ರಶ್ನೆ. ನಮ್ಮ ಅಮ್ಮಂಗೆ 64. ಹೆಬ್ಬೆರಳ ಗೆಣ್ಣು ದೊಡ್ಡದಾಗಿ ಒಳಗೆ ವಾಲಿದೆ, ಸಂಜೆ ಹೊತ್ತಿಗೆ ನೋವು. ಹೆಂಗಸರಿಗೂ ಗೌಟ್ ಬರುತ್ತದಾ?

ಕೀಲು ಡಾಕ್ಟರ್ (ಮೈಸೂರು)

ಮುಟ್ಟು ನಿಂತ ಮೇಲೆ ಬರುತ್ತದೆ. ಆದರೆ ನೀವು ಹೇಳಿದ್ದು ಗೌಟಿನ ಹಾಗೆ ಕೇಳಿಸುವುದಿಲ್ಲ. ನಿಧಾನವಾಗಿ ವಾಲಿದ್ದು, ನಡೆದ ಮೇಲೆ ಸಂಜೆ ನೋವು, ಉರಿ ಇಲ್ಲ ಅಂದರೆ ಕೀಲು ಸವೆತ ಅಥವಾ ಬೆರಳ ಬುಡದ ಮೂಳೆ ವಾಲುವಿಕೆ. ಮುಂಭಾಗ ಅಗಲ ಇರುವ ಚಪ್ಪಲಿ ಹಾಕಿಸಿ, ಮೂಳೆ ವೈದ್ಯರಿಗೆ ತೋರಿಸಿ.

ಹುಬ್ಬಳ್ಳಿ ಅಕ್ಕ

ಕೆರೆಏರಿ ತಮ್ಮಾ, ಏನಾತು? ತೋರಿಸಿದ್ಯೋ ಇಲ್ಲೋ?

ಕೆರೆಏರಿ

ಅಕ್ಕ, ತಡವಾಗಿ ಬರೆಯುತ್ತಿದ್ದೇನೆ. ಮಂಡ್ಯದಲ್ಲಿ ಫಿಜಿಷಿಯನ್ ಹತ್ತಿರ ಹೋದೆ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅವರೂ ಬೆರಳ ಸಂದಿ, ಉಗುರು ಎಲ್ಲ ನೋಡಿದರು. ಜ್ವರ ಇಲ್ಲದ್ದರಿಂದ ಸೂಜಿ ಹಾಕಲಿಲ್ಲ. "ಕೊಲ್ಚಿಸಿನ್ ಕೊಡುತ್ತೇನೆ, ಎರಡು ದಿನದಲ್ಲಿ ಇಳಿಯದಿದ್ದರೆ, ಜ್ವರ ಬಂದರೆ ರಾತ್ರಿಯಾದರೂ ಬನ್ನಿ" ಅಂದರು. ಎರಡನೇ ದಿನಕ್ಕೆ ಕಾಲು ಊರೋಕಾಯಿತು. ವಾರದಲ್ಲಿ ಊತ ಪೂರ್ತಿ ಹೋಯಿತು. ಆಮೇಲೆ ಗೆಣ್ಣಿನ ಮೇಲೆ ನವೆ ಬಂದು ಚರ್ಮ ತೆಳುವಾಗಿ ಸುಲಿಯಿತು, ಅದು ಯಾಕೋ ಗೊತ್ತಿಲ್ಲ.

ಬಿ.ಪಿ. ಮಾತ್ರೆಯಲ್ಲಿ ಎಚ್ ತೆಗೆದು ಲೋಸಾರ್ಟನ್, ಆಮ್ಲೋಡಿಪಿನ್ ಬರೆದಿದ್ದಾರೆ. ಮೂರು ವಾರ ಬಿಟ್ಟು ಯೂರಿಕ್ ಆಸಿಡ್ ಮಾಡಿಸಿದೆ. 8.3 ಬಂತು! ಈಗ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಶುರು ಮಾಡೋಣವೋ ಬೇಡವೋ ಅಂತ ಕೇಳಿದ್ದಾರೆ, ಯೋಚಿಸಿ ಬನ್ನಿ ಅಂದಿದ್ದಾರೆ.

ಕೀಲು ಡಾಕ್ಟರ್ (ಮೈಸೂರು)

ಚರ್ಮ ಸುಲಿಯುವುದು ಗೌಟಿನ ಊತ ಇಳಿಯುವಾಗ ಆಗುವಂಥದ್ದು, ಗಾಬರಿ ಬೇಡ. ಲೋಸಾರ್ಟನ್ ಒಳ್ಳೆಯ ಆಯ್ಕೆ, ಅದು ಯೂರಿಕ್ ಆಸಿಡ್ಡನ್ನು ಸ್ವಲ್ಪ ಇಳಿಸುತ್ತದೆ ಕೂಡ.

ಕುಡ್ಲದ ಬಂಗುಡೆ

ಯೋಚನೆ ಎಂಥದ್ದು? ಶುರು ಮಾಡಿ ಅಣ್ಣ. ನಾನು ದಿನಾ 300 ತೆಗೊಳ್ತೇನೆ, ಯೂರಿಕ್ ಆಸಿಡ್ 5.4 ಉಂಟು. ವಾರಕ್ಕೆ ಎರಡು ಸಲ ಬಂಗುಡೆ ತಿಂದರೂ ಈಗ ಏನೂ ಆಗುವುದಿಲ್ಲ. ನಮ್ಮ ಅಣ್ಣ ಮಾತ್ರ ನೋವು ಬಂದಾಗ ನಾಲ್ಕು ದಿನ ನುಂಗಿ ಬಿಡುವುದು, ಮತ್ತೆ ನೋವು ಬಂದಾಗ ನುಂಗುವುದು. ಅವನಿಗೆ ವರ್ಷದಲ್ಲಿ ಐದಾರು ಸಲ ಬರ್ತದೆ, ಈಗ ಕಿವಿಯ ಅಂಚಲ್ಲಿ, ಮೊಣಕೈಯಲ್ಲಿ ಹರಳಿನ ಗಂಟು ಆಗಿದೆ.

ಕೀಲು ಡಾಕ್ಟರ್ (ಮೈಸೂರು)

ಅಣ್ಣನವರಿಗೆ ದಯವಿಟ್ಟು ಹೇಳಿ, ಅಲೋಪ್ಯುರಿನಾಲ್ ನೋವಿನ ಮಾತ್ರೆ ಅಲ್ಲ. ಅದು ಮಟ್ಟವನ್ನು 6ಕ್ಕಿಂತ ಕೆಳಗೆ ಹಿಡಿದಿಟ್ಟು ತಿಂಗಳುಗಳಲ್ಲಿ ಹರಳನ್ನು ಕರಗಿಸುವ ಮಾತ್ರೆ. ಶುರು ಮಾಡಿ ಬಿಟ್ಟು ಶುರು ಮಾಡಿದರೆ ಮಟ್ಟ ಏರಿಳಿದು ಹರಳು ಕದಲುತ್ತದೆ, ನೋವು ಇನ್ನೂ ಬರುತ್ತದೆ. ದಿನಾ ತೆಗೆದುಕೊಳ್ಳುತ್ತಿರುವವರು ನೋವಿನ ದಿನವೂ ನಿಲ್ಲಿಸಬಾರದು.

ಆದರೆ ಕೆರೆಏರಿಯವರಿಗೆ ಶುರು ಮಾಡಿಯೇ ಬಿಡಿ ಅಂತ ನಾನು ಹೇಳುವುದಿಲ್ಲ. ಮೊದಲ ಸಲ ಬಂದವರಲ್ಲಿ ಕಿಡ್ನಿ ಚೆನ್ನಾಗಿದ್ದು, ಮೂತ್ರದಲ್ಲಿ ಕಲ್ಲು ಇಲ್ಲದಿದ್ದು, ಮಟ್ಟ 9 ದಾಟಿರದಿದ್ದರೆ ಕಾದು ನೋಡಬಹುದು ಅಂತ 2020ರ ಅಮೆರಿಕನ್ ಮಾರ್ಗಸೂಚಿಯೂ ಹೇಳುತ್ತದೆ. ಅವರದ್ದು ಮಾತ್ರೆ ಬದಲಾಗಿದೆ, ಮಟ್ಟ ಇನ್ನೂ ಇಳಿಯಬಹುದು.

ಕೆರೆಏರಿ

ಮೇಡಂ, ಈಗ ನೆನಪಾಯಿತು. ಎರಡು ವರ್ಷದ ಹಿಂದೆ ತಂಗಿ ಮದುವೆ ಬೀಗರೂಟ ಆದ ಮೇಲೆ ಎಡಗಾಲಿನ ಹಿಮ್ಮಡಿ ಪಕ್ಕದ ಗೆಣ್ಣು ಹೀಗೇ ರಾತ್ರಿ ಊದಿ ವಾರ ಮಲಗಿಸಿತ್ತು. ಮದುವೆ ಓಡಾಟದಲ್ಲಿ ಉಳುಕಿದೆ ಅಂತ ಪಟ್ಟಿ ಕಟ್ಟಿದ್ದರು. ಉಳುಕಿದ್ದು ಮಾತ್ರ ನನಗೆ ನೆನಪಿಲ್ಲ. ಆಗ ಈ ಎಚ್ ಮಾತ್ರೆಯೂ ಇರಲಿಲ್ಲ.

ಕೀಲು ಡಾಕ್ಟರ್ (ಮೈಸೂರು)

ಇದನ್ನು ನಿಮ್ಮ ವೈದ್ಯರಿಗೆ ಹೇಳಲೇಬೇಕು. ಅದು ಗೌಟೇ ಆಗಿದ್ದರೆ ಇದು ಎರಡನೇ ಸಲ, ಮಾತ್ರೆ ಬರುವ ಮೊದಲೇ ಮಟ್ಟ ಹೆಚ್ಚಿತ್ತು ಅಂತಾಗುತ್ತದೆ. ಆಗ ಅಲೋಪ್ಯುರಿನಾಲ್ ಕಡೆಗೆ ತಕ್ಕಡಿ ವಾಲುತ್ತದೆ. ಎರಡು ವರ್ಷದ ಹಿಂದಿನ ಊತ ಏನಾಗಿತ್ತು ಅಂತ ಈಗ ಯಾರೂ ಖಚಿತವಾಗಿ ಹೇಳಲಾರರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಕಿಡ್ನಿ ಕಲ್ಲು ಇದೆಯೇ ನೋಡಿಸಿ. ಗೆಣ್ಣಿನ ಅಲ್ಟ್ರಾಸೌಂಡ್ ಮಾಡಬಲ್ಲವರು ಸಿಕ್ಕರೆ ಮೃದ್ವಸ್ಥಿಯ ಮೇಲೆ ಹರಳಿನ ಪದರ ಕಾಣುತ್ತದೆಯೇ ನೋಡಬಹುದು. ಹೊಸ ಬಿ.ಪಿ. ಮಾತ್ರೆ ತೆಗೆದುಕೊಂಡು ಎರಡು ತಿಂಗಳಾದ ಮೇಲೆ ಯೂರಿಕ್ ಆಸಿಡ್ ಮತ್ತೆ ಮಾಡಿಸಿ.

ಶುರು ಮಾಡುವುದಾದರೆ ದಿನಕ್ಕೆ 100 ಮಿಲಿಗ್ರಾಂನಿಂದ, ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾ ಹೋಗಬೇಕು. ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ಕೊಲ್ಚಿಸಿನ್ ದಿನಕ್ಕೆ ಒಂದು, ಯಾಕೆಂದರೆ ಹರಳು ಕರಗಲು ಶುರುವಾದಾಗಲೂ ನೋವು ಬರಬಹುದು. ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರೆಯನ್ನು ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಬಂದರೆ ತೀವ್ರ.

ಕುಡ್ಲದ ಬಂಗುಡೆ

ನನಗೆ ಕೇಳಿದರೆ ಈಗಲೇ ಶುರು ಮಾಡುವುದು ಒಳ್ಳೆಯದು. ಗಂಟು ಆದ ಮೇಲೆ ಶುರು ಮಾಡಿದರೆ ಕರಗ್ಲಿಕ್ಕೆ ವರ್ಷ ಬೇಕು. ಡಾಕ್ಟ್ರು ಹೇಳುವುದು ಸರಿಯೇ, ಆದರೆ ನೋವು ತಿಂದವನ ಮಾತು ಬೇರೆ.

ಕೆರೆಏರಿ

ಸ್ಕ್ಯಾನ್ ಮಾಡಿಸಿ ಆಮೇಲೆ ತೀರ್ಮಾನ ಮಾಡುತ್ತೇನೆ. ಬೇಳೆ ಸಾರು ಮನೆಗೆ ವಾಪಸ್ ಬಂದಿದೆ. ಮೇಷ್ಟ್ರೇ, ಟೊಮ್ಯಾಟೊನೂ ಹಾಕುತ್ತಿದ್ದೇವೆ, ಇದುವರೆಗೆ ಏನೂ ಆಗಿಲ್ಲ. ಬಿಯರ್, ಬ್ರಾಂದಿ ಎರಡೂ ಬಿಟ್ಟಿದ್ದೇನೆ. ಲಿವರ್, ಬೋಟಿ ಕೂಡ. ಮಟನ್ ತಿಂಗಳಿಗೊಂದು ಸಲ ಸ್ವಲ್ಪ ತಿಂದರೆ ತಪ್ಪೇ ಮೇಡಂ? ಆಷಾಢದಲ್ಲಿ ಮಾರಿಹಬ್ಬ ಇದೆ.

ಕೀಲು ಡಾಕ್ಟರ್ (ಮೈಸೂರು)

ನಾಲ್ಕು ತುಂಡು ತಿನ್ನಿ, ಹೆಚ್ಚು ನೀರು ಕುಡಿಯಿರಿ. ಅವತ್ತು ಬಿಸಿಲಲ್ಲಿ ದುಡಿಯಬೇಡಿ, ಕುಡಿಯುವವರ ಪಕ್ಕ ಕೂರಬೇಡಿ. ಚೀಟಿ ಬರೆಸಿಕೊಂಡು ಕೊಲ್ಚಿಸಿನ್ ಮನೆಯಲ್ಲಿಟ್ಟಿರಿ. ಗೆಣ್ಣು ಚುಳುಕ್ ಅಂದ ಗಂಟೆಯೊಳಗೆ ನುಂಗಿದರೆ ಇಷ್ಟು ದೂರ ಬರುವುದಿಲ್ಲ.